ವೈದ್ಯಕೀಯ ಓದಿನಲ್ಲಿ ನಿಲ್ಲಬಹುದಾದ ಜಾಗಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಮಗುವೊಂದು ಡಾಕ್ಟರ್ ಆಗಬೇಕೆಂದು ಹೊರಟಾಗ ಹಿರಿಯರು ಮೊದಲು ವಿಚಾರಿಸುವುದು ಸೀಟು ಎಲ್ಲಿ ಸಿಗುತ್ತದೆ ಎಂಬುದನ್ನು, ಆಮೇಲೆ ಶುಲ್ಕ ಎಷ್ಟು ಎಂಬುದನ್ನು. ಈ ಎರಡರ ಜೊತೆಗೆ ಕೇಳಲೇಬೇಕಾದ ಮೂರನೆಯ ಪ್ರಶ್ನೆಯೊಂದಿದೆ ಎಂದು ನಾನು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಈ ಓದಿನಲ್ಲಿ ಯಾವ ಯಾವ ಹಂತದಲ್ಲಿ ನಿಲ್ಲಬಹುದು, ಮತ್ತು ನಿಂತಲ್ಲಿ ಮಗು ತನ್ನ ಕಾಲ ಮೇಲೆ ತಾನು ನಿಂತುಕೊಳ್ಳಲು ಸಾಧ್ಯವೇ ಎಂಬುದೇ ಆ ಪ್ರಶ್ನೆ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಕಡ್ಡಾಯ ಇಂಟರ್ನ್‌ಶಿಪ್‌ಗೆ ಒಂದು ವರ್ಷ, ಎಂಡಿ ಅಥವಾ ಎಂಎಸ್‌ಗೆ ಮೂರು ವರ್ಷ, ಅದರ ಮೇಲೆ ಉನ್ನತ ವಿಶೇಷ ತಜ್ಞತೆಯ ಡಿಎಂ ಅಥವಾ ಎಂಸಿಎಚ್‌ಗೆ ಇನ್ನೂ ಮೂರು ವರ್ಷ. ಎಲ್ಲಿಯೂ ಒಂದು ದಿನ ವ್ಯರ್ಥವಾಗದಿದ್ದರೂ ಹನ್ನೊಂದೂವರೆ ವರ್ಷವಾಗುತ್ತದೆ. ಪ್ರವೇಶ ಪರೀಕ್ಷೆಗಳ ನಡುವಿನ ಕಾಯುವಿಕೆ ಮತ್ತು ಗ್ರಾಮೀಣ ಸೇವೆಯನ್ನು ಸೇರಿಸಿದರೆ ಹದಿಮೂರು, ಹದಿನಾಲ್ಕಕ್ಕೂ ಹೋಗುತ್ತದೆ. ಇಷ್ಟು ದೂರದ ದಾರಿಯನ್ನು ಹದಿನೆಂಟರ ವಯಸ್ಸಿನಲ್ಲಿಯೇ ಕೊನೆಯವರೆಗೆ ನಿರ್ಧರಿಸಿ ಹೊರಡುವುದು ಯಾರಿಂದಲೂ ಆಗದ ಮಾತು. ನಡುವೆ ನಿಲ್ಲಲು ಗಟ್ಟಿಯಾದ ಜಾಗಗಳಿವೆಯೇ ಎಂದು ನೋಡಿಕೊಂಡು ಹೊರಡುವುದು ಮಾತ್ರ ಸಾಧ್ಯ.

ನಾನು ಕಲಬುರಗಿಯಲ್ಲಿ ಅರಿವಳಿಕೆ ವೈದ್ಯನಾಗಿ ಕೆಲಸ ಮಾಡುತ್ತೇನೆ. ಎಂಬಿಬಿಎಸ್ ಮುಗಿದ ಮೇಲೆ ಯಾದಗಿರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಕೆಲವು ವರ್ಷ ದುಡಿದು, ಅನಂತರ ಸೇವಾನಿರತ ವೈದ್ಯರ ಕೋಟಾದಲ್ಲಿ ಎಂಡಿ ಮಾಡಿದವನು. ಇಲ್ಲಿ ಬರೆಯುತ್ತಿರುವುದು ನನ್ನ ಅಣ್ಣನ ಮಗಳ ವಿಷಯದಲ್ಲಿ ನಾವು ಮನೆಯವರೆಲ್ಲ ಕುಳಿತು ಹಾಕಿದ ಲೆಕ್ಕ. ಅಣ್ಣ ಆಳಂದ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡುತ್ತಾನೆ. ಎರೆಹೊಲ, ತೊಗರಿಯೇ ಮುಖ್ಯ ಬೆಳೆ. ಮಗಳ ನಂತರ ಒಬ್ಬ ಮಗನಿದ್ದಾನೆ, ಅವನೂ ಓದಬೇಕು. ಮಗಳು 2022ರಲ್ಲಿ ಮೊದಲ ಸಲ ನೀಟ್ ಬರೆದಾಗ ಬಂದ ಅಂಕಗಳು ಸರ್ಕಾರಿ ಸೀಟಿಗೆ ಸಾಲಲಿಲ್ಲ, ಆದರೆ ಖಾಸಗಿ ಕಾಲೇಜೊಂದರ ಹೆಚ್ಚು ಶುಲ್ಕದ ಸೀಟು ಸಿಗುವಂತಿತ್ತು. ಎರಡು ಎಕರೆ ಮಾರಿ, ಉಳಿದದ್ದಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಿ ಅದೇ ವರ್ಷ ಸೇರಿಸಿಬಿಡಬೇಕು, ಹೆಣ್ಣುಮಗು, ಒಂದು ವರ್ಷ ಯಾಕೆ ಕಳೆಯಬೇಕು ಎಂದು ಮನೆಯಲ್ಲಿ ಹೆಚ್ಚಿನವರು ಹೇಳಿದರು. ಅಣ್ಣ ನನ್ನನ್ನು ಕೇಳಿದ. ಹೊಲ ಮಾರುವ ಮಾತನ್ನು ಒತ್ತಟ್ಟಿಗಿಟ್ಟು, ಇಡೀ ಹಣವನ್ನು ಸಾಲವಾಗಿಯೇ ತಂದರೆ ಏನಾಗುತ್ತದೆ ಎಂದು ನೋಡೋಣ ಎಂದೆ. ಹೊಲ ಮಾರಿದರೂ ಅದು ಮನೆಯಿಂದ ಹೋಗುವ ದುಡ್ಡೇ, ಕಣ್ಣಿಗೆ ಕಾಣದಂತೆ ಹೋಗುತ್ತದೆ, ಅಷ್ಟೇ.

ಆ ಸೀಟಿಗೆ ಹಾಸ್ಟೆಲ್, ಊಟ ಎಲ್ಲ ಸೇರಿ ವರ್ಷಕ್ಕೆ 10 ಲಕ್ಷಕ್ಕಿಂತ ಮೇಲೆಯೇ ಆಗುತ್ತಿತ್ತು. ಲೆಕ್ಕ ಸರಳವಾಗಲೆಂದು 10 ಲಕ್ಷ ಎಂದೇ ಹಿಡಿದೆವು. ಪ್ರತಿ ವರ್ಷದ ಆರಂಭದಲ್ಲಿ ಒಂದರಂತೆ ಐದು ಕಂತು, ಒಟ್ಟು 50 ಲಕ್ಷ. ಶಿಕ್ಷಣ ಸಾಲದಲ್ಲಿ ಓದು ಮುಗಿಯುವವರೆಗೆ ಮತ್ತು ಅದರ ನಂತರ ಒಂದು ವರ್ಷ ಮರುಪಾವತಿಗೆ ವಿನಾಯಿತಿ ಇರುತ್ತದೆ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷವಾದ್ದರಿಂದ ವಿನಾಯಿತಿ ಆರೂವರೆ ವರ್ಷಕ್ಕೆ ಮುಗಿಯುತ್ತದೆ. ಆದರೆ ಆ ಅವಧಿಯಲ್ಲಿಯೂ ಬಡ್ಡಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಸರಳ ಬಡ್ಡಿಯಾಗಿ ಏರುತ್ತ ಹೋಗಿ, ಕಂತು ಶುರುವಾಗುವ ದಿನ ಅಸಲಿಗೆ ಸೇರಿಕೊಳ್ಳುತ್ತದೆ. ಶೇ 10ರ ಬಡ್ಡಿ ಎಂದು ಹಿಡಿದರೆ ಮೊದಲ 10 ಲಕ್ಷಕ್ಕೆ ಆರೂವರೆ ವರ್ಷದ ಬಡ್ಡಿ, ಎರಡನೆಯದಕ್ಕೆ ಐದೂವರೆ ವರ್ಷದ್ದು, ಹೀಗೆ ಕೊನೆಯ ಕಂತಿಗೆ ಎರಡೂವರೆ ವರ್ಷದ್ದು. ಎಲ್ಲ ಕೂಡಿದರೆ 22.5 ಲಕ್ಷ. ಅಂದರೆ ಹುಡುಗಿ ಡಾಕ್ಟರ್ ಆಗಿ ಹೊರಬಂದು ಒಂದು ವರ್ಷವಾಗುವ ಹೊತ್ತಿಗೆ ಸಾಲ 72.5 ಲಕ್ಷವಾಗಿರುತ್ತದೆ. ಅದನ್ನು ಹದಿನೈದು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಹತ್ತಿರಹತ್ತಿರ 78,000 ರೂಪಾಯಿ ಕಂತು ಬರುತ್ತದೆ.

ಈ 78,000ವನ್ನು ಯಾವುದರ ಪಕ್ಕದಲ್ಲಿಟ್ಟು ನೋಡಬೇಕು ಎಂಬುದೇ ಮುಖ್ಯ. ಮನೆಯವರು ತಜ್ಞ ವೈದ್ಯರ ಗಳಿಕೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಕಲಬುರಗಿಯ ದೊಡ್ಡ ಡಾಕ್ಟರ್ ಒಬ್ಬರು ದಿನಕ್ಕೆ ಎಷ್ಟು ರೋಗಿಗಳನ್ನು ನೋಡುತ್ತಾರೆ ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಸಾಲದ ಕಂತು ಶುರುವಾಗುವ ದಿನ ಆಕೆ ತಜ್ಞೆಯಾಗಿರುವುದಿಲ್ಲ, ಎಂಬಿಬಿಎಸ್ ಆಗಿರುತ್ತಾಳೆ. ಎಂಬಿಬಿಎಸ್ ಮಾತ್ರ ಮುಗಿಸಿದವರಿಗೆ ನಮ್ಮೂರಿನ ನರ್ಸಿಂಗ್ ಹೋಮ್‌ಗಳಲ್ಲಿ ಡ್ಯೂಟಿ ಡಾಕ್ಟರ್ ಆಗಿ ಸಿಗುವುದು ನಾನು ಕಂಡಂತೆ 50ರಿಂದ 60 ಸಾವಿರದ ಆಸುಪಾಸು, ಅದರಲ್ಲಿ ರಾತ್ರಿ ಪಾಳಿಯೂ ಸೇರಿರುತ್ತದೆ. ಹಾಗಾಗಿ ಅಷ್ಟು ಸಾಲ ಹೊತ್ತವಳು ಎಂಬಿಬಿಎಸ್‌ಗೆ ನಿಲ್ಲುವಂತಿಲ್ಲ. ಮುಂದೆ ಓದುತ್ತಾಳೆ ಎನ್ನೋಣ. ರಾಜ್ಯ ಸರ್ಕಾರ 2020ರಲ್ಲಿ ಪರಿಷ್ಕರಿಸಿದಾಗ ಸರ್ಕಾರಿ ಕಾಲೇಜುಗಳಲ್ಲಿ ಸ್ನಾತಕೋತ್ತರ ಮೊದಲ ವರ್ಷದ ಶಿಷ್ಯವೇತನ 45,000 ರೂಪಾಯಿಗೆ ಏರಿತು. ಆಮೇಲೆ ಅದು ಇನ್ನಷ್ಟು ಹೆಚ್ಚಿದ್ದರೂ ಆ 78,000ವನ್ನು ಮುಟ್ಟಿಲ್ಲ. ಬ್ಯಾಂಕು ಒಪ್ಪಿ ಇನ್ನು ಮೂರು ವರ್ಷ ಕಂತು ಮುಂದೂಡಿದರೆ 50 ಲಕ್ಷದ ಅಸಲಿನ ಮೇಲೆ ಬಡ್ಡಿ ಮತ್ತೆ 15 ಲಕ್ಷ ಸೇರಿ ಸಾಲ 87.5 ಲಕ್ಷವಾಗುತ್ತದೆ, ಕಂತು 94,000ಕ್ಕೆ ಏರುತ್ತದೆ. ಮುಂದೆ ಓದಿಯೇ ತೀರಬೇಕು ಎಂದು ದೂಡುವ ಸಾಲವೇ ಮುಂದೆ ಓದಲು ಬಿಡುವುದಿಲ್ಲ. ಅಲ್ಲಿಗೆ ನಿಲ್ಲಲೂ ಜಾಗವಿಲ್ಲ, ನಡೆಯಲೂ ದಾರಿಯಿಲ್ಲ. ಅಪ್ಪನ ಹೊಲವೋ, ಗಂಡನ ಮನೆಯ ದುಡ್ಡೋ ಬಂದು ಬಿಡಿಸಬೇಕಾಗುತ್ತದೆ, ಮತ್ತು ದುಡ್ಡು ಎಲ್ಲಿಂದ ಬರುತ್ತದೋ ಯಾವ ವಿಭಾಗ ಓದಬೇಕು, ಎಲ್ಲಿ ಕೆಲಸ ಮಾಡಬೇಕು ಎಂಬ ತೀರ್ಮಾನವೂ ಅಲ್ಲಿಂದಲೇ ಬರುತ್ತದೆ.

ಅದೇ ಲೆಕ್ಕವನ್ನು ಸರ್ಕಾರಿ ಸೀಟಿಗೆ ಹಾಕಿದೆವು. ಶುಲ್ಕ, ಹಾಸ್ಟೆಲ್, ಮೆಸ್, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಎಂದು ಹಿಡಿದರೆ ಐದು ಕಂತಿಗೆ 7.5 ಲಕ್ಷ. ಸಾಮಾನ್ಯವಾಗಿ ಆಸ್ತಿ ಅಡವಿಡದೆ ಶಿಕ್ಷಣ ಸಾಲ ಸಿಗುವ ಮಿತಿಯೂ ಇಷ್ಟೇ, ಹಾಗಾಗಿ ಹೊಲದ ಕಾಗದಪತ್ರ ಬ್ಯಾಂಕಿಗೆ ಹೋಗುವ ಪ್ರಶ್ನೆ ಬರುವುದಿಲ್ಲ. ಬಡ್ಡಿ ಸೇರಿ ಆರೂವರೆ ವರ್ಷದ ಕೊನೆಗೆ ಸುಮಾರು 10.9 ಲಕ್ಷ, ಹದಿನೈದು ವರ್ಷಕ್ಕೆ ಕಂತು 11,700 ರೂಪಾಯಿ. ಇದನ್ನು ಡ್ಯೂಟಿ ಡಾಕ್ಟರ್ ಸಂಬಳದಲ್ಲಿಯೂ ಕಟ್ಟಬಹುದು, ಸ್ನಾತಕೋತ್ತರ ಶಿಷ್ಯವೇತನದಲ್ಲಿಯೂ ಕಟ್ಟಬಹುದು. ಎರಡು ಸಾಲಗಳನ್ನು ಪೂರ್ತಿ ತೀರಿಸುವ ಹೊತ್ತಿಗೆ ಕಟ್ಟುವ ಹಣದ ನಡುವಿನ ವ್ಯತ್ಯಾಸ ಒಂದು ಕೋಟಿ ರೂಪಾಯಿಯನ್ನು ದಾಟುತ್ತದೆ.

ಈ ಲೆಕ್ಕದಿಂದ ನಾನು ತೆಗೆದುಕೊಂಡ ನಿಯಮ ಒಂದೇ. ಎಂಬಿಬಿಎಸ್‌ಗಾಗಿ ಮಾಡುವ ಸಾಲವನ್ನು ಎಂಬಿಬಿಎಸ್ ಡಾಕ್ಟರ್ ಒಬ್ಬರ ಸಂಬಳದಿಂದಲೇ ತೀರಿಸಲು ಸಾಧ್ಯವಿರಬೇಕು. ಮುಂದೆ ಆಗಲಿರುವ ತಜ್ಞೆಯ ಗಳಿಕೆಯನ್ನು ನಂಬಿ ಈಗ ಸಾಲ ಮಾಡಬಾರದು, ಏಕೆಂದರೆ ಆ ತಜ್ಞೆ ಯಾವಾಗ ಬರುತ್ತಾಳೆ, ಯಾವ ವಿಭಾಗದಲ್ಲಿ ಬರುತ್ತಾಳೆ ಎಂಬುದನ್ನು ಇವತ್ತು ಯಾರೂ ಹೇಳಲಾರರು. ಮನೆಯಲ್ಲಿ ನಿಜವಾಗಿ ಹೆಚ್ಚಿನ ಹಣವಿದ್ದು, ಅದು ಹೋದರೂ ಉಳಿದವರ ಓದು, ಮುಪ್ಪು, ಬೇಸಾಯ ಯಾವುದಕ್ಕೂ ಕೊರತೆಯಾಗದು ಎನ್ನುವವರಿಗೆ ಈ ನಿಯಮ ಬೇಕಿಲ್ಲ. ಅಂಥ ಮನೆಗಳು ನಮ್ಮ ಕಡೆ ಕಡಿಮೆ.

ಅಣ್ಣ ಒಂದು ವರ್ಷ ಕಾಯಲು ಒಪ್ಪಿದ. ಇಲ್ಲಿ ನಮ್ಮ ಭಾಗದವರಿಗಿರುವ ಒಂದು ಅನುಕೂಲವನ್ನು ಹೇಳಬೇಕು. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳಲ್ಲಿ ಶೇ 70ರಷ್ಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ 8ರಷ್ಟು ಮೀಸಲಿದೆ. ಕಲಬುರಗಿಯ ಜಿಮ್ಸ್ ಮತ್ತು ಬೀದರಿನ ಬ್ರಿಮ್ಸ್ ಮೊದಲೇ ಇದ್ದವು, ಯಾದಗಿರಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಆದ್ದರಿಂದ ಬೇರೆ ಕಡೆ ಸರ್ಕಾರಿ ಸೀಟು ಸಿಗದ ಅಂಕಗಳಿಗೆ ಇಲ್ಲಿ ಸಿಗುವ ಸಾಧ್ಯತೆ ಉಂಟು. ಇದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ನೀಟ್ ಫಲಿತಾಂಶ ಬಂದ ಮೇಲೆ ಅದಕ್ಕಾಗಿ ಓಡಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಎರಡನೇ ಪಿಯುಸಿಯಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಬೇಕು. ಒಂದು ವರ್ಷ ಮರುಪ್ರಯತ್ನ ಮಾಡುವುದರಲ್ಲಿ ಅರ್ಥವಿದೆಯೇ ಎಂಬುದನ್ನು ಭಾವನೆಯಿಂದ ತೀರ್ಮಾನಿಸದೆ, ಹಿಂದಿನ ವರ್ಷ 371(ಜೆ) ಅಡಿಯಲ್ಲಿ ತನ್ನ ವರ್ಗಕ್ಕೆ ಕೊನೆಯ ಸೀಟು ಯಾವ ಶ್ರೇಣಿಗೆ ನಿಂತಿತು ಎಂದು ಸೀಟು ಹಂಚುವ ಕೆಇಎ ಪ್ರಾಧಿಕಾರದ ಪಟ್ಟಿಯಲ್ಲಿ ನೋಡಿ, ಅದಕ್ಕೂ ತನಗೂ ಎಷ್ಟು ಅಂಕಗಳ ಅಂತರವಿದೆ, ಆ ಅಂತರ ಯಾವ ವಿಷಯದಲ್ಲಿ ಆಯಿತು ಎಂದು ಲೆಕ್ಕ ಹಾಕಬೇಕು. ನಮ್ಮ ಹುಡುಗಿಗೆ ಜೀವಶಾಸ್ತ್ರ ಚೆನ್ನಾಗಿತ್ತು, ಕೈಕೊಟ್ಟದ್ದು ಭೌತಶಾಸ್ತ್ರ. ಒಂದೇ ವಿಷಯದ ಕೊರತೆಯನ್ನು ಒಂದು ವರ್ಷದಲ್ಲಿ ತುಂಬಿಕೊಳ್ಳಬಹುದು ಎಂಬ ನಂಬಿಕೆಗೆ ಆಧಾರವಿತ್ತು. ಮೂರೂ ವಿಷಯಗಳಲ್ಲಿ ಸಮಾನವಾಗಿ ಹಿಂದೆ ಬಿದ್ದಿದ್ದರೆ ನಾನು ಮರುಪ್ರಯತ್ನದ ಪರ ಇರುತ್ತಿರಲಿಲ್ಲ. ಎರಡನೆಯ ಮರುಪ್ರಯತ್ನದ ಪರವಂತೂ ನಾನು ಸಾಮಾನ್ಯವಾಗಿ ಇರುವುದಿಲ್ಲ.

ಆ ವರ್ಷಕ್ಕೆ ಇನ್ನೊಂದು ಬಾಗಿಲೂ ತೆರೆದಿತ್ತು. ಪಿಯುಸಿಯಲ್ಲಿ ಆಕೆ ಜೀವಶಾಸ್ತ್ರದ ಜೊತೆ ಗಣಿತವನ್ನೂ ಓದಿದ್ದಳು. ನೀಟ್‌ಗೆ ಗಣಿತ ಬೇಡವೆಂದು ಹತ್ತನೆಯ ತರಗತಿ ಮುಗಿದ ಕೂಡಲೇ ಅದನ್ನು ಬಿಡಿಸುವ ಸಲಹೆ ನಮ್ಮಲ್ಲಿ ಸಾಮಾನ್ಯ. ಗಣಿತದ ಭಾರ ನಿಜವಾಗಿ ಹೊರಲಾಗದ ಮಗುವಾದರೆ ಸರಿ, ಹೊರಬಲ್ಲವರು ಇಟ್ಟುಕೊಳ್ಳಬೇಕು. ಸಿಇಟಿಯಲ್ಲಿ ಎಂಜಿನಿಯರಿಂಗ್ ಶ್ರೇಣಿಯೂ ಕೈಯಲ್ಲಿರುತ್ತದೆ, ನೀಟ್ ಕೈಹಿಡಿಯದಿದ್ದರೆ ವರ್ಷ ಪೂರ್ತಿ ಹಾಳಾಗುವುದಿಲ್ಲ. 2023ರ ನೀಟ್‌ನಲ್ಲಿ ಆಕೆಗೆ ನಮ್ಮ ಭಾಗದಲ್ಲಿಯೇ ಸರ್ಕಾರಿ ಸೀಟು ಸಿಕ್ಕಿತು.

ಸೀಟು ಸಿಕ್ಕ ವಾರ ಒಕ್ಕಲುತನದ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ಇಲ್ಲಿ ಹೇಳದೆ ಹೋಗಲಾರೆ. ತೊಗರಿ ಜೂನ್, ಜುಲೈನಲ್ಲಿ ಬಿತ್ತಿದ್ದು ರಾಶಿಯಾಗಿ ಮನೆಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಸೀಟು ಹಂಚಿಕೆ ನಡೆಯುವುದು ಅದಕ್ಕೂ ಮೊದಲು, ಮಳೆಗಾಲದಲ್ಲಿ; ಶುಲ್ಕ ತುಂಬಲು ಕೊಡುವುದು ಕೆಲವೇ ದಿನ. ಆ ಹೊತ್ತಿಗೆ ಬಿತ್ತನೆ, ಗೊಬ್ಬರ, ಔಷಧಿಗೆ ಕೈಯಲ್ಲಿದ್ದದ್ದೆಲ್ಲ ಹೋಗಿರುತ್ತದೆ. ಆಗ ಅಡತಿ ಅಂಗಡಿಯಲ್ಲಿ ತೊಗರಿಯನ್ನು ಅವರಿಗೇ ಹಾಕುತ್ತೇವೆಂಬ ಮಾತಿನ ಮೇಲೆ ಹಣ ತರುತ್ತಾರೆ, ಅದರ ಬಡ್ಡಿ ಬ್ಯಾಂಕಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇದನ್ನು ತಪ್ಪಿಸಲು ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ನೀಟ್ ಫಲಿತಾಂಶಕ್ಕೂ ಮುನ್ನವೇ ಬ್ಯಾಂಕಿಗೆ ಹೋಗಿ ಯಾವ ಯಾವ ದಾಖಲೆ ಬೇಕೆಂದು ಕೇಳಿ, ಆದಾಯ ಪ್ರಮಾಣಪತ್ರ, ಪ್ಯಾನ್, ಅಂಕಪಟ್ಟಿಗಳನ್ನು ಜೋಡಿಸಿಟ್ಟುಕೊಳ್ಳಬೇಕು, ಮತ್ತು ಮೊದಲ ವರ್ಷದ ಶುಲ್ಕದಷ್ಟನ್ನು ಹಿಂದಿನ ಬೆಳೆಯ ಹಣದಿಂದಲೇ ಎತ್ತಿಡಬೇಕು. ಪ್ರವೇಶ ಆದೇಶ ಕೈಗೆ ಬಂದ ಮೇಲೆ ಸಾಲ ಮಂಜೂರಾಗಲು ತಡವಾಗುವುದುಂಟು. ಆ ನಡುವಿನ ದಿನಗಳಿಗಾಗಿಯೇ ಈ ಹಣ.

ಇನ್ನು ಮೊದಲ ವರ್ಷದ ಮಾತು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಈ ಮೂರರಲ್ಲಿ ಒಂದರಲ್ಲಿ ಅನುತ್ತೀರ್ಣರಾಗಿ ಪೂರಕ ಪರೀಕ್ಷೆಯಲ್ಲಿಯೂ ಆಗದಿದ್ದರೆ ತಮ್ಮ ನಂತರ ಬಂದ ಕಿರಿಯರ ತಂಡಕ್ಕೆ ಸೇರಬೇಕಾಗುತ್ತದೆ, ಒಂದು ವರ್ಷ ಹೋಗುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಬುದ್ಧಿವಂತ ಮಕ್ಕಳಿಗೆ ಇದು ಆಗುವುದನ್ನು ನೋಡಿದ್ದೇನೆ. ಕಾರಣ ಬಹಳ ಸಲ ವಿಷಯ ತಿಳಿಯದ್ದಲ್ಲ, ತಿಳಿದದ್ದನ್ನು ಇಂಗ್ಲಿಷಿನಲ್ಲಿ ಬರೆಯುವ ವೇಗ ಇಲ್ಲದ್ದು. ಮೊದಲ ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿಯೇ ಇದು ಕಾಣುತ್ತದೆ: ಆರಂಭದ ಉತ್ತರಗಳು ಚೆನ್ನಾಗಿರುತ್ತವೆ, ಕೊನೆಯವು ಖಾಲಿ ಇರುತ್ತವೆ. ಅಂಥವರು ಇನ್ನಷ್ಟು ಪುಸ್ತಕ ಓದುವುದಕ್ಕಿಂತ ದಿನಕ್ಕೊಂದು ಉತ್ತರವನ್ನು ಗಡಿಯಾರ ಇಟ್ಟುಕೊಂಡು ಬರೆಯುವುದು ಹೆಚ್ಚು ಫಲ ಕೊಡುತ್ತದೆ. ಹಣದ ಯೋಜನೆಯಲ್ಲಿ ಇಂಥ ಒಂದು ವರ್ಷಕ್ಕೆ ಜಾಗ ಇಟ್ಟಿರಬೇಕು. ಓದು ತಡವಾದರೆ ಶಿಕ್ಷಣ ಸಾಲದ ವಿನಾಯಿತಿಯನ್ನು ಎರಡು ವರ್ಷದವರೆಗೆ ವಿಸ್ತರಿಸಲು ಬ್ಯಾಂಕುಗಳಿಗೆ ಅವಕಾಶವಿದೆ, ಆದರೆ ಅದನ್ನು ನಾವೇ ಹೋಗಿ ಕೇಳಬೇಕು.

ನಿಲ್ಲಬಹುದಾದ ಮೊದಲ ಗಟ್ಟಿ ಜಾಗ ಇಂಟರ್ನ್‌ಶಿಪ್ ಮುಗಿದ ದಿನ. ಆಗ ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ಖಾಯಂ ನೋಂದಣಿಯಾಗುತ್ತದೆ, ಸ್ವತಂತ್ರವಾಗಿ ಕೆಲಸ ಮಾಡುವ ಹಕ್ಕು ಬರುತ್ತದೆ. ನಾನು ಕಂಡಂತೆ ಅತಿ ಹೆಚ್ಚು ವರ್ಷಗಳು ಸದ್ದಿಲ್ಲದೆ ಸೋರಿಹೋಗುವುದೂ ಇಲ್ಲಿಯೇ. ಸ್ನಾತಕೋತ್ತರ ಪ್ರವೇಶಕ್ಕಾಗಿ ಬರೆಯುವ ನೀಟ್ ಪಿಜಿ ಎಂಬ ಪರೀಕ್ಷೆಯಲ್ಲಿ 200 ಪ್ರಶ್ನೆ, ಮೂರೂವರೆ ಗಂಟೆ, ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಎಂಬಿಬಿಎಸ್‌ನ ಎಲ್ಲ ಹತ್ತೊಂಬತ್ತು ವಿಷಯಗಳೂ ಅದರಲ್ಲಿ ಬರುತ್ತವೆ. ಬೇಕಾದ ವಿಭಾಗ ಸಿಗಲಿಲ್ಲವೆಂದು ಒಂದು ವರ್ಷ ಕೋಣೆಯಲ್ಲಿ ಕುಳಿತು ಓದುತ್ತಾರೆ, ಮತ್ತೆ ಸಿಗಲಿಲ್ಲವೆಂದು ಇನ್ನೊಂದು ವರ್ಷ. ಪ್ರಯತ್ನಗಳಿಗೆ ಮಿತಿ ಇಲ್ಲದ್ದರಿಂದ ನಿಲ್ಲಿಸು ಎಂದು ಯಾರೂ ಹೇಳುವುದಿಲ್ಲ. ಗಳಿಕೆ ಇಲ್ಲದಿರುವುದು ಒಂದು ನಷ್ಟ. ಕೈಗೆ ರೋಗಿಯ ಅಭ್ಯಾಸ ತಪ್ಪುವುದು ಅದಕ್ಕಿಂತ ದೊಡ್ಡದು. ಎರಡು ವರ್ಷ ವಾರ್ಡಿಗೆ ಕಾಲಿಡದೆ ಬಂದ ಸ್ನಾತಕೋತ್ತರ ವಿದ್ಯಾರ್ಥಿ ಒಂದು ಐವಿ ಲೈನ್ ಹಾಕಲು ಹಿಂಜರಿಯುವುದನ್ನು ಆಪರೇಷನ್ ಥಿಯೇಟರಿನಲ್ಲಿ ನಾನು ನೋಡಿದ್ದೇನೆ.

ಈ ರಜೆಗೆ ಊರಿಗೆ ಬಂದಿದ್ದಾಗ ನಮ್ಮ ಹುಡುಗಿ ಕೇಳಿದ್ದೂ ಇದನ್ನೇ. “ಕಾಕಾ, ಇಂಟರ್ನ್‌ಶಿಪ್ ಮುಗಿದ ಮ್ಯಾಲ ಕೆಲಸಕ್ಕ ಹೋದ್ರ ಓದು ಮರ್ತು ಹೋಗ್ತದೇನು?” ಕೆಲಸದ ಬಗೆಯನ್ನು ನೋಡಿ ಉತ್ತರ ಹೇಳಬೇಕು. ದಿನಬಿಟ್ಟು ದಿನ ರಾತ್ರಿ ಪಾಳಿ, ಹಗಲು ನಿದ್ದೆ, ಇಂಥ ಕಡೆ ಓದು ನಿಜವಾಗಿಯೂ ನಿಲ್ಲುತ್ತದೆ. ಹಗಲಿನ ಹೊರರೋಗಿ ವಿಭಾಗವಿರುವ ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಸಂಜೆಯ ಹೊತ್ತು ಸಿಗುತ್ತದೆ. ಕರ್ನಾಟಕದಲ್ಲಿ 2012ರ ಕಾಯ್ದೆಯಂತೆ ವೈದ್ಯಕೀಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸರ್ಕಾರಿ ಸೇವೆಯಿದೆ. ಆಮೇಲಿನ ತಿದ್ದುಪಡಿಯಿಂದ ಖಾಲಿ ಹುದ್ದೆಗಳಿಗೆ ತಕ್ಕಷ್ಟು ಜನರನ್ನು ಮಾತ್ರ ಕರೆಯುವ ವ್ಯವಸ್ಥೆ ಬಂದಿದೆ. ಹಲವರು ಇದನ್ನು ಕಳೆದುಹೋದ ವರ್ಷವೆಂದು ಭಾವಿಸುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ಸಂಬಳ ಬರುತ್ತದೆ, ಕಂತು ತೀರುತ್ತದೆ, ಹಾವು ಕಡಿತ, ಕ್ರಿಮಿನಾಶಕ ಸೇವನೆ, ಹೆರಿಗೆಯ ರಕ್ತಸ್ರಾವ ಇವನ್ನೆಲ್ಲ ಹಿರಿಯರಿಲ್ಲದೆ ಮೊದಲ ಹತ್ತು ನಿಮಿಷ ನಿಭಾಯಿಸುವುದನ್ನು ಕಲಿಯುತ್ತಾರೆ, ಮತ್ತು ತಮಗೆ ಯಾವ ಕೆಲಸ ಹಿಡಿಸುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ನಾವಿಬ್ಬರೂ ಕುಳಿತು ಮಾಡಿದ ಒಪ್ಪಂದ ಹೀಗಿದೆ. ನೀಟ್ ಪಿಜಿಯನ್ನು ಇಂಟರ್ನ್‌ಶಿಪ್ ಕಾಲದಲ್ಲಿಯೇ ಒಮ್ಮೆ ಬರೆಯುವುದು, ಆ ವರ್ಷದ ಇಂಟರ್ನ್‌ಶಿಪ್ ಮುಗಿಯಬೇಕಾದ ಗಡುವಿನೊಳಗೆ ತನ್ನ ತಂಡ ಬರುತ್ತದೆಯೇ ಎಂದು ಮೊದಲೇ ನೋಡಿಕೊಂಡು. ಬೇಕಾದ ವಿಭಾಗ ಬರದಿದ್ದರೆ ಒಂದು ವರ್ಷ ಕೆಲಸ ಮಾಡುತ್ತ ಓದುವುದು. ಆ ವರ್ಷದಲ್ಲಿ ಅಣಕು ಪರೀಕ್ಷೆಗಳ ಅಂಕಗಳನ್ನು ಬರೆದಿಟ್ಟು, ತಪ್ಪಾದವುಗಳನ್ನು ಎರಡು ಗುಂಪು ಮಾಡುವುದು: ಓದದೆ ತಪ್ಪಾದವು, ಓದಿಯೂ ತಪ್ಪಾದವು. ಮೊದಲ ಗುಂಪು ದೊಡ್ಡದಿದ್ದರೆ ಇನ್ನೂ ಹೊತ್ತು ಕೊಟ್ಟರೆ ಅಂಕ ಏರುತ್ತದೆ. ನಾಲ್ಕೈದು ಪರೀಕ್ಷೆಗಳಾದರೂ ಅಂಕ ಅಲ್ಲಿಯೇ ನಿಂತು, ಎರಡನೆಯ ಗುಂಪೇ ದೊಡ್ಡದಾಗಿದ್ದರೆ ಇನ್ನೊಂದು ವರ್ಷ ಕುಳಿತರೂ ಫಲಿತಾಂಶ ಬದಲಾಗುವುದು ಕಷ್ಟ. ಆಗ ಬಯಸಿದ ವಿಭಾಗದ ಪಕ್ಕದ ದಾರಿಗಳನ್ನು ನೋಡಬೇಕು.

ಅಂಥ ದಾರಿಗಳಲ್ಲಿ ನಮ್ಮ ಭಾಗದ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲದ ಒಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಂದೆ ವೈದ್ಯಕೀಯ ಕಾಲೇಜುಗಳಲ್ಲಿದ್ದ ಎರಡು ವರ್ಷದ ಡಿಪ್ಲೊಮಾಗಳು ಬಹುಮಟ್ಟಿಗೆ ಪದವಿ ಸೀಟುಗಳಾಗಿ ಬದಲಾದವು. ಅದರ ನಂತರ ರಾಷ್ಟ್ರೀಯ ಪರೀಕ್ಷಾ ಮಂಡಳಿಯವರು, ಅಂದರೆ ಎಂಡಿ, ಎಂಎಸ್‌ಗೆ ಸಮಾನವಾದ ಡಿಎನ್‌ಬಿ ನಡೆಸುವವರು, ಎಂಬಿಬಿಎಸ್ ಆದವರಿಗೆ ಎರಡು ವರ್ಷದ ಡಿಪ್ಲೊಮಾಗಳನ್ನು ಆರಂಭಿಸಿದರು. ಮಕ್ಕಳ ವೈದ್ಯಶಾಸ್ತ್ರ, ಅರಿವಳಿಕೆ, ಹೆರಿಗೆ ಮತ್ತು ಸ್ತ್ರೀರೋಗ, ಕುಟುಂಬ ವೈದ್ಯಶಾಸ್ತ್ರ ಮೊದಲಾದವು ಅದರಲ್ಲಿವೆ, ಜಿಲ್ಲಾ ಆಸ್ಪತ್ರೆಗಳಲ್ಲಿಯೂ ನಡೆಯುತ್ತವೆ. ಪ್ರವೇಶ ನೀಟ್ ಪಿಜಿ ಅಂಕಗಳ ಮೇಲೆಯೇ. ಡಿಪ್ಲೊಮಾ ಮುಗಿಸಿದವರು ಪ್ರತ್ಯೇಕ ಪ್ರವೇಶ ಪರೀಕ್ಷೆ ಬರೆದು ಅದೇ ವಿಷಯದಲ್ಲಿ ಇನ್ನೆರಡು ವರ್ಷ ಓದಿ ಡಿಎನ್‌ಬಿ ಪಡೆಯಬಹುದು. ನೇರವಾಗಿ ಎಂಡಿ ಮಾಡಿದರೆ ಮೂರು ವರ್ಷ, ಹೀಗೆ ಹೋದರೆ ನಾಲ್ಕು. ಒಂದು ವರ್ಷ ಹೆಚ್ಚು ಹೋಗುತ್ತದೆ ಎಂಬುದು ನಿಜ. ಆದರೆ ಮೂರು ವರ್ಷದ ಎಂಡಿಯನ್ನು ಎರಡನೆಯ ವರ್ಷದಲ್ಲಿ ಬಿಟ್ಟರೆ ಕೈಯಲ್ಲಿ ಏನೂ ಇರುವುದಿಲ್ಲ, ಮೇಲೆ ಸೀಟು ಬಿಟ್ಟದ್ದಕ್ಕೆ ದಂಡವೂ ಬೀಳುತ್ತದೆ. ಈ ದಾರಿಯಲ್ಲಿ ಎರಡನೆಯ ವರ್ಷದ ಕೊನೆಗೆ ತಜ್ಞೆ ಎನಿಸಿಕೊಂಡು ಕೆಲಸಕ್ಕೆ ನಿಲ್ಲಬಹುದು, ಮದುವೆ, ಹೆರಿಗೆ, ತಮ್ಮನ ಓದು ಯಾವುದಕ್ಕಾದರೂ ನಿಲ್ಲಬೇಕಾಗಿ ಬಂದರೆ ನಿಂತು ಮತ್ತೆ ಹೊರಡಬಹುದು. ಮಿತಿಯನ್ನೂ ಹೇಳಬೇಕು. ವೈದ್ಯಕೀಯ ಕಾಲೇಜಿನಲ್ಲಿ ಬೋಧಕಿಯಾಗಲು ಅಥವಾ ಮುಂದೆ ಡಿಎಂ ಮಾಡಲು ಡಿಪ್ಲೊಮಾ ಸಾಲದು, ಆ ಆಸೆ ಇದ್ದವರು ಪೂರ್ತಿ ಪದವಿಯ ಕಡೆಗೇ ಹೋಗಬೇಕು.

ಯಾವುದೇ ಸೀಟಾದರೂ ಸರಿ ಎಂದು ಸೇರಿಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಂಗರಚನಾಶಾಸ್ತ್ರ, ಜೀವರಸಾಯನಶಾಸ್ತ್ರದಂಥ ವಿಭಾಗಗಳ ಸೀಟುಗಳು ಪ್ರತಿ ವರ್ಷ ಖಾಲಿ ಉಳಿಯುತ್ತವೆ. 2023ರಲ್ಲಂತೂ ಸೀಟು ತುಂಬಲೆಂದು ಅರ್ಹತೆಯ ಪರ್ಸೆಂಟೈಲ್ ಅನ್ನು ಸೊನ್ನೆಗೇ ಇಳಿಸಲಾಯಿತು. ಬೋಧನೆಯನ್ನು ಪ್ರೀತಿಸುವವರಿಗೆ ಅವು ಒಳ್ಳೆಯ, ನಿಶ್ಚಿಂತೆಯ ಬದುಕನ್ನು ಕೊಡುತ್ತವೆ. ರೋಗಿಯನ್ನು ನೋಡಬೇಕೆಂಬ ಹಂಬಲದವರು ಸೀಟು ಸಿಗುತ್ತದೆಂಬ ಕಾರಣಕ್ಕೆ ಅಲ್ಲಿ ಹೋದರೆ ಮೂರು ವರ್ಷದ ನಂತರವೂ ಮತ್ತೆ ಡ್ಯೂಟಿ ಡಾಕ್ಟರ್ ಕೆಲಸಕ್ಕೇ ಬರುತ್ತಾರೆ.

ವಿಭಾಗ ಆರಿಸುವಾಗ ನಮ್ಮ ಜಿಲ್ಲೆಗಳಲ್ಲಿ ನೆಲೆಸಬೇಕೆನ್ನುವವರು ನೋಡಬೇಕಾದ ಇನ್ನೊಂದು ಸಂಗತಿ, ಓದು ಮುಗಿದ ಮೇಲೆ ಕೆಲಸ ಶುರುಮಾಡಲು ಎಷ್ಟು ಬಂಡವಾಳ ಬೇಕು ಎಂಬುದು. ಅರಿವಳಿಕೆ ವೈದ್ಯರಿಗೆ ಬೇಕಾದದ್ದೆಲ್ಲ ಆಸ್ಪತ್ರೆಯಲ್ಲಿಯೇ ಇರುತ್ತದೆ, ಪದವಿ ಬಂದ ವಾರದಿಂದಲೇ ಕರೆ ಬರುತ್ತದೆ. ಮಕ್ಕಳ ವೈದ್ಯರಿಗೆ ಒಂದು ಕೋಣೆ, ಒಂದು ತೂಕದ ಯಂತ್ರ ಸಾಕು. ಕಣ್ಣಿನ ವೈದ್ಯರಿಗೆ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ, ರೇಡಿಯಾಲಜಿಯವರಿಗೆ ಸ್ಕ್ಯಾನಿಂಗ್ ಯಂತ್ರ ಮತ್ತು ಭ್ರೂಣಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ ಬೇಕು. ಸ್ವಂತವಾಗಿ ಮಾಡುವುದಾದರೆ ಅದು ಎರಡನೆಯ ಸಾಲ. ಮೊದಲ ಸಾಲ ಇನ್ನೂ ಇರುವವರು ಕೆಲವು ವರ್ಷ ಸಂಬಳಕ್ಕೆ ದುಡಿದು ಆಮೇಲೆ ಸ್ವಂತದ್ದಕ್ಕೆ ಹೋಗುವುದು ಕ್ಷೇಮ. ಸರ್ಕಾರಿ ಕೆಲಸವನ್ನು ಬಯಸುವವರು ವಯಸ್ಸನ್ನೂ ಗಮನದಲ್ಲಿಡಬೇಕು: ಕೇಂದ್ರದ ಸಂಯುಕ್ತ ವೈದ್ಯಕೀಯ ಸೇವೆಗಳ ಪರೀಕ್ಷೆಗೆ ಸಾಮಾನ್ಯವಾಗಿ 32 ವರ್ಷದ ಮಿತಿ ಇದೆ, ಮೀಸಲು ವರ್ಗಗಳಿಗೆ ಸಡಿಲಿಕೆ ಉಂಟು. ಪ್ರಯತ್ನಗಳಲ್ಲಿ ವರ್ಷ ಕಳೆಯುವವರಿಗೆ ಈ ಬಾಗಿಲು ಅರಿವಿಲ್ಲದೆಯೇ ಮುಚ್ಚಿಕೊಳ್ಳುತ್ತದೆ.

ಮನೆಯವರೊಡನೆಯೂ ಕೆಲವು ಮಾತುಗಳನ್ನು ಮೊದಲೇ ಆಡಿಕೊಂಡೆವು. ಆಕೆಯ ಜೊತೆಗೆ ಓದಿ ಎಂಜಿನಿಯರ್ ಆದವರು ಇಪ್ಪತ್ತೆರಡಕ್ಕೆ ಸಂಬಳ ತರುತ್ತಾರೆ, ಆಗ ಈಕೆ ಇನ್ನೂ ವಿದ್ಯಾರ್ಥಿನಿ. ಇಂಟರ್ನ್‌ಶಿಪ್ ಶಿಷ್ಯವೇತನದಿಂದ ಆಕೆಯ ಖರ್ಚು ನಡೆಯುತ್ತದೆ, ಮನೆಗೆ ಹಣ ಬರುವುದಿಲ್ಲ. ಆದ್ದರಿಂದ ತಮ್ಮನ ಕಾಲೇಜು ಶುಲ್ಕವನ್ನು ಅಕ್ಕ ಡಾಕ್ಟರ್ ಆಗಿ ಕಟ್ಟುತ್ತಾಳೆ ಎಂಬ ಲೆಕ್ಕವನ್ನು ಬಿಟ್ಟು, ಅವನದಕ್ಕೆ ಬೇರೆಯೇ ವ್ಯವಸ್ಥೆ ಇರಬೇಕೆಂದು ತೀರ್ಮಾನಿಸಿದೆವು. ಮದುವೆಯ ಮಾತು ಎತ್ತಿದಾಗ ಅತ್ತಿಗೆ ತಾವೇ ಹೇಳಿದರು, “ಇಂಟರ್ನ್‌ಶಿಪ್ ಮುಗಿಯೋತನಕ ಯಾರೂ ಆ ಮಾತು ಎತ್ತಬ್ಯಾಡ್ರಿ, ಆಮ್ಯಾಲ ಅಕಿನ್ನೇ ಕೇಳೋಣ.” ಈ ಒಂದು ಮಾತಿನಿಂದ ಆಕೆಯ ಮೇಲಿನ ಎಷ್ಟು ಭಾರ ಇಳಿಯಿತು ಎಂಬುದನ್ನು ನಾನು ಕಣ್ಣಾರೆ ಕಂಡೆ.

ಈಗ ಆಕೆಗೆ ಮಕ್ಕಳ ವೈದ್ಯಶಾಸ್ತ್ರದ ಕಡೆ ಒಲವಿದೆ, ಆದರೆ ಆ ವಿಭಾಗದಲ್ಲಿ ಇಂಟರ್ನ್ ಆಗಿ ಇನ್ನೂ ಕೆಲಸ ಮಾಡಿಲ್ಲ, ಹಾಗಾಗಿ ಅದನ್ನು ತೀರ್ಮಾನವೆಂದು ನಾವು ಎಣಿಸಿಲ್ಲ. ಅಣ್ಣ ಮಾತ್ರ ಪ್ರತಿ ಫೆಬ್ರುವರಿಯಲ್ಲಿ ತೊಗರಿ ಮಾರಿ ಬಂದ ಹಣದಲ್ಲಿ ಆ ವರ್ಷದ ಬಡ್ಡಿಯನ್ನು ಬ್ಯಾಂಕಿಗೆ ಕಟ್ಟಿಬಿಡುತ್ತಿದ್ದಾನೆ. ವಿನಾಯಿತಿ ಅವಧಿಯಲ್ಲಿ ಬಡ್ಡಿ ಕಟ್ಟಬೇಕೆಂಬ ಕಡ್ಡಾಯವಿಲ್ಲ, ಕಟ್ಟುತ್ತ ಹೋದರೆ ಹಲವು ಬ್ಯಾಂಕುಗಳು ಬಡ್ಡಿದರದಲ್ಲಿ ಶೇ 1ರಷ್ಟು ರಿಯಾಯಿತಿಯನ್ನೂ ಕೊಡುತ್ತವೆ. ಹೀಗೆ ಕೊನೆಯವರೆಗೆ ನಡೆದರೆ ಅಸಲು 7.5 ಲಕ್ಷಕ್ಕೇ ನಿಲ್ಲುತ್ತದೆ, ಮತ್ತು ರಿಯಾಯಿತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಹದಿನೈದರ ಬದಲು ಹತ್ತೇ ವರ್ಷದಲ್ಲಿ ತೀರಿಸಲು ತಿಂಗಳಿಗೆ 9,900 ರೂಪಾಯಿ ಸಾಕಾಗುತ್ತದೆ.